ಗಡಿಯಾರದ ಎಂಟು, ಸೂರ್ಯನ ಐದು

ಚಾರಣ ಮತ್ತು ಛಾಯಾಗ್ರಹಣ ಪ್ರವಾಸಗಳ ವೇಳಾಪಟ್ಟಿ ಸಿದ್ಧಪಡಿಸುವಾಗ ನಾನು ಸೂರ್ಯೋದಯದಿಂದ ಲೆಕ್ಕ ಹಿಡಿಯುವುದಿಲ್ಲ. ಸೂರ್ಯ ಅತಿ ಎತ್ತರಕ್ಕೇರುವ ನಡುಹಗಲಿನಿಂದ ಹಿಡಿಯುತ್ತೇನೆ. ಪರವೂರಿನ ಕಾಲವಲಯಕ್ಕೆ ವಾಚನ್ನು ತಿದ್ದಿಕೊಂಡರೆ ಸಾಲದು. ಆ ಊರು ತನ್ನ ವಲಯದ ಮಧ್ಯರೇಖೆಯಿಂದ ಎಷ್ಟು ದೂರದಲ್ಲಿದೆ ಎಂಬುದೂ ಗೊತ್ತಿರಬೇಕು.

ಚೀನಾದ ಪಶ್ಚಿಮ ತುದಿಯ ಶಿನ್‌ಜಿಯಾಂಗ್‌ನಲ್ಲಿ, ಮುಜ್ತಾಗ್ ಅತಾ ಪರ್ವತದ ಬಳಿ ಇರುವ ಕಾರಾಕುಲ್ ಸರೋವರವನ್ನೇ ತೆಗೆದುಕೊಳ್ಳಿ. ಇಡೀ ಚೀನಾಕ್ಕೆ ಅಧಿಕೃತವಾಗಿ ಬೀಜಿಂಗ್ ಸಮಯವೊಂದೇ, UTC+8. ಗಂಟೆಗೆ 15 ಡಿಗ್ರಿಯಂತೆ ಅದರ ಮಧ್ಯರೇಖೆ 120 ಡಿಗ್ರಿ ಪೂರ್ವ. ಸರೋವರ ಇರುವುದು ಸುಮಾರು 75 ಡಿಗ್ರಿಯಲ್ಲಿ. ಡಿಗ್ರಿಗೆ 4 ನಿಮಿಷದಂತೆ 45 ಡಿಗ್ರಿಗೆ 180 ನಿಮಿಷ. ಪಶ್ಚಿಮಕ್ಕಿರುವುದರಿಂದ ಕೂಡಬೇಕು: ನಡುಹಗಲು 12ಕ್ಕಲ್ಲ, 15 ಗಂಟೆಗೆ. ಭೂಕಕ್ಷೆಯ ಆಕಾರ ಮತ್ತು ಅಕ್ಷದ ಓರೆಯಿಂದಾಗಿ ವರ್ಷದ ದಿನಕ್ಕೆ ತಕ್ಕಂತೆ ಸೂರ್ಯ ಗಡಿಯಾರಕ್ಕಿಂತ ಕಾಲು ಗಂಟೆಯವರೆಗೂ ಮುಂದೆ ಅಥವಾ ಹಿಂದೆ ಇರುತ್ತಾನೆ. ಅಕ್ಟೋಬರ್ 1ರಂದು 10 ನಿಮಿಷ ಮುಂದೆ. ಹಾಗಾಗಿ 14:50.

ಇನ್ನು ಹಗಲಿನ ಉದ್ದ. ಸೆಪ್ಟೆಂಬರ್ 23ರ ಸುಮಾರಿಗೆ ಬರುವ ವಿಷುವದ ದಿನ ಅಲ್ಲಿ ಹಗಲು 12 ಗಂಟೆ 8 ನಿಮಿಷದಷ್ಟು. ಆಮೇಲೆ ಈ ಅಕ್ಷಾಂಶದಲ್ಲಿ ದಿನಕ್ಕೆ ಎರಡೂವರೆ ನಿಮಿಷ ಇಳಿಯುತ್ತದೆ. ಎಂಟು ದಿನಕ್ಕೆ 20 ನಿಮಿಷ ಕಳೆದರೆ 11 ಗಂಟೆ 48 ನಿಮಿಷ. ಅದರ ಅರ್ಧವನ್ನು ನಡುಹಗಲಿನ ಆಚೀಚೆ ಇಟ್ಟರೆ ಉದಯ 8:56, ಅಸ್ತ 20:44. ಬೆಳಕು ಹರಿಯುವುದು ಉದಯಕ್ಕೆ ಸುಮಾರು 25 ನಿಮಿಷ ಮೊದಲು.

ಇದು ಸಮತಟ್ಟಾದ ದಿಗಂತದ ಲೆಕ್ಕ. ಪೂರ್ವದಲ್ಲಿ ಬೆಟ್ಟಸಾಲು ಇದ್ದರೆ ನಕ್ಷೆಯಲ್ಲಿ ಅಳೆಯಿರಿ. 10 ಕಿಲೋಮೀಟರ್ ದೂರದ ಸಾಲು ನೀವು ನಿಂತಲ್ಲಿಗಿಂತ 1 ಕಿಲೋಮೀಟರ್ ಎತ್ತರವಿದ್ದರೆ, ಸೂರ್ಯ ಸುಮಾರು 6 ಡಿಗ್ರಿ ಏರಿದ ಮೇಲಷ್ಟೇ ಕಾಣುತ್ತಾನೆ. ಇಲ್ಲಿ ಡಿಗ್ರಿಗೆ 5 ನಿಮಿಷ ಬೇಕು. ಅಂದರೆ ಬಿಸಿಲು ಅರ್ಧ ಗಂಟೆ ತಡ. ಎತ್ತರದ ಶಿಖರಕ್ಕೆ ಮಾತ್ರ ಅದು ಮೊದಲೇ ತಾಗುತ್ತದೆ. ಕ್ಯಾಮೆರಾ ಅತ್ತ ತಿರುಗಿಸುವವರು 8:56ಕ್ಕೆ ಕಾಯುತ್ತ ಕುಳಿತರೆ ಕೆಂಬಣ್ಣ ಕೈತಪ್ಪುತ್ತದೆ.

ಅಂದಾಜಿನಲ್ಲಿ ಐದು ನಿಮಿಷ ಆಚೀಚೆ ಆದೀತು, ಆ್ಯಪ್ ತೋರಿಸುವ ಸಮಯ ಇದಕ್ಕೆ ಹತ್ತಿರವೇ ಇರಬೇಕು. ಸರಿಯಾಗಿ ಎರಡು ಗಂಟೆ ವ್ಯತ್ಯಾಸ ಬಂದು, ಉದಯ 6:56 ಎಂದು ಕಂಡರೆ ಆ್ಯಪ್ ಕೆಟ್ಟಿಲ್ಲ. ಅದು Asia/Urumqi ವಲಯವನ್ನು, ಅಂದರೆ UTC+6 ಅನ್ನು ಹಿಡಿದಿದೆ. ಶಿನ್‌ಜಿಯಾಂಗ್‌ನ ಸ್ಥಳೀಯರಲ್ಲಿ ಆ ಸಮಯ ಇಂದಿಗೂ ಬಳಕೆಯಲ್ಲಿದೆ. ಆದ್ದರಿಂದ ಚಾಲಕರು "ಎಂಟಕ್ಕೆ ಬರುತ್ತೇನೆ" ಎಂದರೆ ಯಾವ ಎಂಟು ಎಂದು ಅಲ್ಲೇ ಕೇಳಿಕೊಳ್ಳಿ. ಅದು ಸ್ಥಳೀಯ ಎಂಟಾಗಿದ್ದರೆ ಬೀಜಿಂಗ್ ಗಡಿಯಾರದಲ್ಲಿ ಹತ್ತು. ಅಷ್ಟರಲ್ಲಿ ಸೂರ್ಯ ಹುಟ್ಟಿ ಒಂದು ಗಂಟೆ ದಾಟಿರುತ್ತದೆ.