ಟೀ ಅಂಗಡಿ ‘ಅಂತೆ’ ಅನ್ನಬಹುದು, ವಕೀಲರು ಅನ್ನುವಂತಿಲ್ಲ

ಕಳೆದ ವರ್ಷದ ಸೆಪ್ಟೆಂಬರ್ ಮೊದಲ ವಾರ ನನಗೆ ಚೆನ್ನಾಗಿ ನೆನಪಿದೆ. 2025ರ ಸೆಪ್ಟೆಂಬರ್ 3ರ ರಾತ್ರಿ ಜಿಎಸ್‌ಟಿ ಮಂಡಳಿಯ 56ನೇ ಸಭೆ ಮುಗಿದು ಸುದ್ದಿ ಬಂತು. ಇನ್ನು ಮುಂದೆ ಮುಖ್ಯವಾಗಿ ಎರಡೇ ದರ, 5 ಮತ್ತು 18. ಜಾರಿ ಸೆಪ್ಟೆಂಬರ್ 22ರಿಂದ. ಬೆಳಗ್ಗೆ ಎದ್ದು ಫೋನ್ ನೋಡಿದರೆ ಮೂವರು ಗ್ರಾಹಕರ ಮೆಸೇಜ್. ಮೂವರದೂ ಒಂದೇ ಮಾತು: ‘ಇದರ ಮೇಲೆ ಒಂದು ಪೋಸ್ಟ್ ಹಾಕೋಣ.’

ಒಬ್ಬರದು ಬೆಂಗಳೂರಿನ ಒಂದು ಮೂಲೆಯ ಟೀ ಅಂಗಡಿ. ಇನ್ನೊಬ್ಬರದು ಜಿಲ್ಲಾ ಕೇಂದ್ರವೊಂದರಲ್ಲಿ ಟಿವಿ, ಎಸಿ ಮಾರುವ ಮಳಿಗೆ. ಮೂರನೆಯದು ತೆರಿಗೆ ವ್ಯಾಜ್ಯ ನೋಡಿಕೊಳ್ಳುವ ವಕೀಲರ ಕಚೇರಿ. ಮೂರಕ್ಕೂ ಕ್ಯಾಪ್ಷನ್ ಬರೆಯುವುದು ನಾನೇ.

ಈ ಕೆಲಸಕ್ಕೆ ಹೊಸಬರು ಮೊದಲು ಏನು ಮಾಡುತ್ತಾರೆ ಗೊತ್ತಾ? ಒಂದು ಕ್ಯಾಪ್ಷನ್ ಬರೆದು, ಅದಕ್ಕೇ ಮೂರು ಬಣ್ಣ ಬಳಿಯುತ್ತಾರೆ. ಟೀ ಅಂಗಡಿಗೆ ‘ಗುರು’ ಸೇರಿಸುತ್ತಾರೆ, ವಕೀಲರಿಗೆ ‘ಮಾನ್ಯರೇ’ ಸೇರಿಸುತ್ತಾರೆ. ನಾನೂ ಮಾಡಿದ್ದೇನೆ. ಅದು ನಿಲ್ಲಲ್ಲ. ಸುದ್ದಿ ಒಂದೇ ಆದರೂ ಅದರೊಳಗಿನ ಯಾವ ತುಂಡು ಯಾವ ಅಂಗಡಿಗೆ ಸೇರಿದ್ದು ಅನ್ನೋದು ಬೇರೆ ಬೇರೆ. ತುಂಡು ಸರಿಯಾಗಿ ಆರಿಸಿಕೊಂಡರೆ ಧ್ವನಿ ಅರ್ಧ ತಾನಾಗಿಯೇ ಬರುತ್ತದೆ.

ಟೀ ಅಂಗಡಿಗೆ ನಾನು ಬರೆದ ಮೊದಲ ಸಾಲು ಹೀಗಿತ್ತು: ‘ಗುರು, ಜಿಎಸ್‌ಟಿ ಇಳೀತು! ಇನ್ಮೇಲೆ ಟೀ ಬಿಸ್ಕತ್ ಎರಡೂ ಅಗ್ಗ!’ ಕಳಿಸಿದ ಎರಡು ನಿಮಿಷಕ್ಕೆ ಅಣ್ಣ ಫೋನ್ ಮಾಡಿದರು.

‘ಮೇಡಂ, ಟೀ ರೇಟ್ ಇಳಿಸ್ತೀನಿ ಅಂತ ನಾನ್ ಯಾವಾಗ ಹೇಳ್ದೆ?’

ಅವರು ಹೇಳಿದ್ದು ಸರಿ. ಟೀ ಪುಡಿಗೆ ಮೊದಲೂ 5, ಈಗಲೂ 5. ಪ್ಯಾಕೆಟ್ ಹಾಲಿಗೆ ಮೊದಲೂ ತೆರಿಗೆ ಇರಲಿಲ್ಲ. ಟೆಟ್ರಾ ಪ್ಯಾಕಿನಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತಲ್ಲ, ಆ ಹಾಲಿಗೆ ಮಾತ್ರ 5 ಹೋಗಿ ಸೊನ್ನೆ ಆಯಿತು. ಅದನ್ನು ಈ ಅಂಗಡಿಯಲ್ಲಿ ಬಳಸುವುದೇ ಇಲ್ಲ. ಉಳಿದದ್ದು ಬಿಸ್ಕತ್. ಅದಕ್ಕೆ 18 ಇದ್ದದ್ದು 5 ಆಯಿತು. ಅಂದರೆ ಟೀ ಅಂಗಡಿಗೆ ಈ ಇಡೀ ರಾಷ್ಟ್ರೀಯ ಸುದ್ದಿಯಲ್ಲಿ ಸೇರಿದ್ದು ಒಂದು ಬಿಸ್ಕತ್ತಿನಷ್ಟು.

ಅದನ್ನೂ ಲೆಕ್ಕ ಹಾಕಿ ನೋಡಿದೆ. ತೆರಿಗೆ ಸೇರಿ 118 ಇದ್ದದ್ದು 105 ಆಗುತ್ತದೆ, ಅಂದರೆ ನೂರಕ್ಕೆ ಸುಮಾರು 11 ಕಡಿಮೆ. 5 ರೂಪಾಯಿ ಪ್ಯಾಕೆಟ್‌ಗೆ 55 ಪೈಸೆ. ‘55 ಪೈಸೆ ಚಿಲ್ಲರೆ ನಾನ್ ಎಲ್ಲಿಂದ ತರ್ಲಿ?’ ಅಂದರು ಅಣ್ಣ. ಆ ಮಾತೇ ಕ್ಯಾಪ್ಷನ್ ಅಲ್ವಾ! ಕೊನೆಗೆ ಹೋದದ್ದು ಇದು:

‘ಟೀ ರೇಟ್ ಅದೇ. ಟೀಲಿ ಮುಳುಗೋ ಬಿಸ್ಕತ್‌ಗೆ ಮಾತ್ರ ಟ್ಯಾಕ್ಸ್ 18 ಹೋಗಿ 5 ಆಗುತ್ತಂತೆ, ಸೆಪ್ಟೆಂಬರ್ 22ರಿಂದ. 5 ರೂಪಾಯಿ ಪ್ಯಾಕೆಟ್‌ಗೆ ಲೆಕ್ಕದಲ್ಲಿ 55 ಪೈಸೆ. ಪೈಸೆ ನೋಡಿ ಎಷ್ಟು ವರ್ಷ ಆಯ್ತು, ಹೇಳಿ?’

ಇದರಲ್ಲಿ ನನಗೆ ಇಷ್ಟವಾದ ಪದ ‘ಅಂತೆ’. ಟೀ ಅಂಗಡಿ ಮುಂದೆ ನಿಂತವರು ಮಾತಾಡುವುದೇ ಹಾಗೆ. ಮಳೆ ಬರುತ್ತಂತೆ, ರೇಟ್ ಇಳಿಯುತ್ತಂತೆ, ಅವರ ಮಗಳಿಗೆ ಮದುವೆ ಗೊತ್ತಾಯ್ತಂತೆ. ‘ಅಂತೆ’ ಅಂದರೆ ನಾನು ಕೇಳಿದ್ದು ಹೇಳುತ್ತಿದ್ದೇನೆ, ಸಾಕ್ಷಿ ನಾನಲ್ಲ ಅಂತ. ಸೆಪ್ಟೆಂಬರ್ 4ರ ಬೆಳಗ್ಗೆ ಟೀ ಅಂಗಡಿಗೆ ಗೊತ್ತಿದ್ದದ್ದೂ ಅಷ್ಟೇ. ತಮಾಷೆಯ ಧ್ವನಿ ಅಂದರೆ ಉದ್ಗಾರ ಚಿಹ್ನೆ, ನಗುವ ಮುಖ ಅಂದುಕೊಂಡವರು ಈ ಎರಡಕ್ಷರ ಮರೆಯುತ್ತಾರೆ.

ಒಂದು ಸಾಲು ಬರೆದು ತೆಗೆದದ್ದೂ ಇದೆ. ‘55 ಪೈಸೆ ಅಣ್ಣಂಗೆ ಟಿಪ್ಸ್ ಅಂದ್ಕೊಳ್ಳಿ’ ಅಂತ ಬರೆದಿದ್ದೆ. ನಗು ಬರುತ್ತದೆ, ನಿಜ. ಆದರೆ ತೆರಿಗೆ ಇಳಿದ ಲಾಭ ಗ್ರಾಹಕರಿಗೆ ಸಿಗುತ್ತಾ ಇಲ್ಲವಾ ಅಂತ ಊರೆಲ್ಲ ಕೇಳುತ್ತಿದ್ದ ವಾರ ಅದು. ಅಂಗಡಿಯವರೇ ಜೇಬಿಗೆ ಹಾಕಿಕೊಂಡೆ ಅಂತ ಬರೆದುಕೊಂಡರೆ ಸ್ಕ್ರೀನ್‌ಶಾಟ್ ತಿರುಗುತ್ತದೆ. ಅದಕ್ಕೂ ಎರಡು ತಿಂಗಳ ಹಿಂದೆ, ಜುಲೈನಲ್ಲಿ, ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದು ದೊಡ್ಡ ಗಲಾಟೆ ಆಗಿತ್ತು. ಬೇಕರಿ, ಟೀ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅನ್ನುವ ಚೀಟಿ ಅಂಟಿದ್ದವು. ಆ ಗಾಯ ಇನ್ನೂ ಹಸಿ ಇದ್ದಾಗ ತೆರಿಗೆ ಹಣದ ಮೇಲೆ ಅಂಗಡಿಯವರ ಬಾಯಲ್ಲಿ ಜೋಕ್ ಬೇಡ. ಬಿಸ್ಕತ್ತಿನ ಮೇಲೆ ಮಾಡಬಹುದು, ಪೈಸೆಯ ಮೇಲೂ ಮಾಡಬಹುದು.

ಟಿವಿ ಮಳಿಗೆಯದು ಬೇಗ ಮುಗಿಯಿತು. ಅಲ್ಲಿ ಧ್ವನಿ ನಡುವಿನದು: ಗ್ರಾಹಕರಿಗೆ ‘ನೀವು’, ಕ್ರಿಯಾಪದ ‘ಇದೆ’, ‘ಆಗುತ್ತದೆ’, ನಗು ಸ್ವಲ್ಪ. ಆದರೆ ತಪ್ಪು ಮಾಡಲು ಅಲ್ಲೊಂದು ಗುಂಡಿ ಇತ್ತು. ‘ಎಲ್ಲಾ ಟಿವಿ ಅಗ್ಗ’ ಅಂತ ಮಾಲೀಕರ ಮಗ ಡ್ರಾಫ್ಟ್ ಕಳಿಸಿದ್ದ. 32 ಇಂಚು ಮತ್ತು ಅದಕ್ಕಿಂತ ಚಿಕ್ಕ ಟಿವಿಗೆ ಮೊದಲೇ 18 ಇತ್ತು. 28ರಿಂದ 18ಕ್ಕೆ ಇಳಿದದ್ದು ಅದಕ್ಕಿಂತ ದೊಡ್ಡ ಟಿವಿಗೆ, ಎಸಿಗೆ. ಹಾಗೆಯೇ ಬರೆದೆವು, ಚಿಕ್ಕ ಟಿವಿಗೆ ಬದಲಾವಣೆ ಇಲ್ಲ ಅನ್ನುವುದನ್ನೂ ಸೇರಿಸಿ. ಮಾಲೀಕರಿಗೆ ಆ ಸಾಲು ಇಷ್ಟವಾಗಲಿಲ್ಲ. 22ರವರೆಗೆ ಯಾರೂ ಕೊಳ್ಳಲು ಬರಲ್ಲ ಅನ್ನುವ ಸಂಕಟ ಬೇರೆ. ಆದರೂ ಅಂಗಡಿಗೆ ಬಂದ ಮೇಲೆ ‘ಇದಕ್ಕಿಲ್ಲ’ ಅನ್ನಿಸಿಕೊಳ್ಳುವ ಗ್ರಾಹಕ ಮತ್ತೆ ಬರಲ್ಲ ಅಂತ ಒಪ್ಪಿದರು.

ಇನ್ನು ವಕೀಲರ ಕಚೇರಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

ಕಚೇರಿಯ ಕಿರಿಯ ವಕೀಲರೊಬ್ಬರು ತಾವೇ ಬರೆದು ಕಳಿಸಿದ್ದರು: ‘ಹಳೆಯ ದರವೋ ಹೊಸ ದರವೋ? ಗೊಂದಲ ಬೇಡ! ನಮ್ಮ ಅನುಭವಿ ತಂಡವನ್ನು ಇಂದೇ ಸಂಪರ್ಕಿಸಿ.’ ಬೇರೆ ಯಾವುದೇ ವ್ಯಾಪಾರಕ್ಕೆ ಇದು ಸಾಧಾರಣ ಕ್ಯಾಪ್ಷನ್. ವಕೀಲರಿಗೆ ಇದು ನಿಯಮದ ಉಲ್ಲಂಘನೆ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ, ಕೆಲಸ ಕೇಳುವಂತಿಲ್ಲ. 2008ರಲ್ಲಿ ವೆಬ್‌ಸೈಟಿಗೆ ಅವಕಾಶ ಸಿಕ್ಕಿತು. ಅದರಲ್ಲೂ ಹಾಕಬಹುದಾದದ್ದು ಹೆಸರು, ವಿಳಾಸ, ದಾಖಲಾತಿ ವಿವರ, ಯಾವ ವಿಷಯದಲ್ಲಿ ವಕೀಲಿಕೆ ಎಂಬಂಥ ಸಂಗತಿಗಳಷ್ಟೇ. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಆನ್‌ಲೈನ್‌ನಲ್ಲಿ ವಕೀಲರ ಸೇವೆಯ ಜಾಹೀರಾತಿನ ವಿರುದ್ಧ ಖಾರವಾಗಿಯೇ ಹೇಳಿತು. ಹಾಗಾಗಿ ‘ಅನುಭವಿ’ ಹೋಯಿತು, ‘ಇಂದೇ’ ಹೋಯಿತು, ‘ಸಂಪರ್ಕಿಸಿ’ ಹೋಯಿತು. ವಕೀಲರ ಧ್ವನಿ ಗಂಭೀರ ಅನ್ನಿಸುವುದಕ್ಕೆ ಇದೂ ಒಂದು ಕಾರಣ. ಕರೆಯುವ ಮಾತನ್ನೆಲ್ಲ ತೆಗೆದರೆ ಉಳಿಯುವುದು ಮಾಹಿತಿ ಮಾತ್ರ.

ಹಾಗಾದರೆ ಯಾವ ಮಾಹಿತಿ? ಬಿಸ್ಕತ್ ಅಲ್ಲ. ಅವರ ಪುಟ ಓದುವವರು ಅಕೌಂಟೆಂಟ್‌ಗಳು, ಸಣ್ಣ ಕಾರ್ಖಾನೆ ಮಾಲೀಕರು. ಅವರಿಗೆ ಕಾಡುವ ಪ್ರಶ್ನೆ ತಾರೀಖಿನದು. ಸರಕು 20ನೇ ತಾರೀಖು ಹೋಗಿದೆ, ಹಣ 25ಕ್ಕೆ ಬರುತ್ತದೆ, ಯಾವ ದರ? ಇದಕ್ಕೆ ಕೇಂದ್ರದ ಜಿಎಸ್‌ಟಿ ಕಾಯ್ದೆ, ಅಂದರೆ ಸಿಜಿಎಸ್‌ಟಿ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿ ಉತ್ತರ ಇದೆ. ಪೂರೈಕೆ, ಇನ್‌ವಾಯ್ಸ್, ಹಣ ಈ ಮೂರನ್ನೂ ನೋಡಬೇಕು. ಸರಕೂ ಇನ್‌ವಾಯ್ಸೂ 22ಕ್ಕಿಂತ ಮೊದಲೇ ಆಗಿ, ಹಣ ಮಾತ್ರ ನಂತರ ಬಂದರೆ ಹಳೆ ದರ. ಸರಕು ಮೊದಲು ಹೋಗಿ, ಇನ್‌ವಾಯ್ಸೂ ಹಣವೂ ನಂತರ ಆದರೆ ಹೊಸ ದರ.

ಆಮೇಲೆ ‘ಅಂತೆ’ಯ ವಿಷಯ. ವಕೀಲರು ಕೇಳಿದ್ದು ಹೇಳುವಂತಿಲ್ಲ. ಅದಕ್ಕೇ ಹಿರಿಯ ವಕೀಲರು 4ರಂದು ಪೋಸ್ಟ್ ಬೇಡ ಅಂದರು. ನಾನು ‘ದರ ಇಳಿದಿದೆ’ ಅಂತ ಬರೆದಿದ್ದೆ. ‘ಇನ್ನೂ ಇಳಿದಿಲ್ಲಮ್ಮ. ಮಂಡಳಿ ಶಿಫಾರಸು ಮಾಡಿದೆ. ಇಳಿಸೋದು ಸರ್ಕಾರ, ಅಧಿಸೂಚನೆ ಹೊರಡಿಸಿ’ ಅಂದರು. ಸರಕುಗಳ ದರದ ಅಧಿಸೂಚನೆ ಬಂದದ್ದು ಸೆಪ್ಟೆಂಬರ್ 17ಕ್ಕೆ. ಟೀ ಅಂಗಡಿ ಪೋಸ್ಟ್‌ಗೆ ಆ ಹೊತ್ತಿಗೆ ಹದಿಮೂರು ದಿನ ವಯಸ್ಸಾಗಿತ್ತು. ವಕೀಲರದು 18ಕ್ಕೆ ಹೋಯಿತು:

‘ಸರಕುಗಳ ಹೊಸ ಜಿಎಸ್‌ಟಿ ದರಗಳ ಅಧಿಸೂಚನೆ 2025ರ ಸೆಪ್ಟೆಂಬರ್ 17ರಂದು ಪ್ರಕಟವಾಗಿದ್ದು, ಸೆಪ್ಟೆಂಬರ್ 22ರಿಂದ ಜಾರಿಗೆ ಬರುತ್ತದೆ. ಈ ದಿನಾಂಕದ ಆಚೀಚೆ ನಡೆಯುವ ವ್ಯವಹಾರಕ್ಕೆ ಯಾವ ದರ ಎಂಬುದು ಪೂರೈಕೆ, ಇನ್‌ವಾಯ್ಸ್ ಮತ್ತು ಪಾವತಿಯ ದಿನಾಂಕಗಳನ್ನು ಅವಲಂಬಿಸಿದೆ: ಸಿಜಿಎಸ್‌ಟಿ ಕಾಯ್ದೆ, ಸೆಕ್ಷನ್ 14. ಇದು ಸಾಮಾನ್ಯ ಮಾಹಿತಿ, ಕಾನೂನು ಸಲಹೆಯಲ್ಲ.’

ಎರಡು ಉದಾಹರಣೆಗಳನ್ನು ಚಿತ್ರದ ಮೇಲೆ ಹಾಕಿದೆವು. ಗಮನಿಸಿ, ಇದರಲ್ಲಿ ಕಷ್ಟದ ಸಂಸ್ಕೃತ ಪದ ಜಾಸ್ತಿ ಇಲ್ಲ. ಫಾರ್ಮಲ್ ಅಂದ ತಕ್ಷಣ ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’, ‘ಇಳಿಕೆ ಮಾಡಲಾಗಿರುತ್ತದೆ’ ಅಂತ ಶುರುಮಾಡುವ ಚಾಳಿ ನಮ್ಮಲ್ಲಿದೆ. ಅದು ತಾಲ್ಲೂಕು ಕಚೇರಿಯ ನೋಟಿಸ್ ಬೋರ್ಡಿನ ಧ್ವನಿ, ವಕೀಲರದಲ್ಲ. ‘ಇನ್‌ವಾಯ್ಸ್’ ಬದಲು ‘ಸರಕುಪಟ್ಟಿ’ ಬರೆದಿದ್ದರೆ ಅಕೌಂಟೆಂಟ್ ಅರ್ಧ ನಿಮಿಷ ನಿಂತು ಯೋಚಿಸಬೇಕಾಗುತ್ತಿತ್ತು. ‘ಬಿಲ್’ ಅಂದಿದ್ದರೆ ಕಾಯ್ದೆಯ ಪದ ಅಲ್ಲ.

ಹೊಸ ಗ್ರಾಹಕರು ಸಿಕ್ಕಾಗ ಧ್ವನಿ ಹಿಡಿಯೋದು ಹೇಗೆ ಅಂತ ಕೇಳುತ್ತಾರೆ. ಟೀ ಅಂಗಡಿ ಅಣ್ಣನಿಗೆ ನಾನು ಪ್ರಶ್ನಾವಳಿ ಕಳಿಸಲಿಲ್ಲ. ಒಂದು ಬೆಳಗ್ಗೆ ಅಂಗಡಿ ಮುಂದೆ ಸುಮ್ನೆ ನಿಂತೆ. ಗಿರಾಕಿಯನ್ನು ಏನಂತ ಕರೆಯುತ್ತಾರೆ, ರೇಟ್ ಏರಿಸಿದ್ದನ್ನು ಹೇಗೆ ಹೇಳುತ್ತಾರೆ, ತಪ್ಪಾದಾಗ ಏನನ್ನುತ್ತಾರೆ, ಈ ಮೂರನ್ನು ಬರೆದುಕೊಂಡೆ. ಅವರು ಯಾರಿಗೂ ‘ಗುರು’ ಅನ್ನಲ್ಲ ಅಂತ ಆಗಲೇ ಗೊತ್ತಾಗಿತ್ತು. ಆದರೂ ಮೊದಲ ಡ್ರಾಫ್ಟ್‌ನಲ್ಲಿ ಬರೆದೆ, ನೋಡಿ. ಅವರದು ‘ಹೇಳಿ’. ಹತ್ತಿರ ಬಂದವರಿಗೆಲ್ಲ ‘ಹೇಳಿ’. ಕೊನೆಯ ಕ್ಯಾಪ್ಷನ್ನಿನ ಕೊನೆಯ ಪದ ಅಲ್ಲಿಂದ ಬಂದದ್ದು. ವಕೀಲರ ಕಚೇರಿಯಿಂದ ಕೇಳಿದ್ದು ಅವರು ಕಕ್ಷಿದಾರರಿಗೆ ಬರೆದ ಮೂರು ಪತ್ರ, ಹೆಸರು ಅಳಿಸಿ. ಲೀಗಲ್ ನೋಟಿಸ್ ಬೇಡ ಅಂದೆ. ಅದು ಎದುರಾಳಿಗೆ ಬರೆಯುವುದು, ಓದುಗರಿಗಲ್ಲ.

ಸೆಪ್ಟೆಂಬರ್ 22ರ ಬೆಳಗ್ಗೆ, ದಸರೆಯ ಮೊದಲ ದಿನ, ಹಿರಿಯ ವಕೀಲರ ಮೆಸೇಜ್ ಬಂತು. ‘ಬರುತ್ತದೆ’ ಅನ್ನುವುದನ್ನು ‘ಬಂದಿದೆ’ ಅಂತ ತಿದ್ದಬೇಕಿತ್ತು. ತಿದ್ದಿದೆ. ಟೀ ಅಂಗಡಿ ಪೋಸ್ಟ್ ತಿದ್ದಬೇಕಾ ಅಂತ ಅಣ್ಣನಿಗೆ ಕೇಳಿದೆ. ‘ಯಾವ ಪೋಸ್ಟು?’ ಅಂದರು.