ಪರಿಚಯವಿಲ್ಲದ ಮ್ಯಾನೇಜರಿಗೆ ಏಳು ಸಾಲು

ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮ ವಿಭಾಗಕ್ಕೆ ಜನ ಬೇಕಾದಾಗ ಆರಿಸುವವನೂ ನಾನೇ. ಗುರುತು ಪರಿಚಯ ಇಲ್ಲದವರಿಂದ ಕೆಲಸ ಕೇಳಿ ಇಮೇಲ್ ಬರುತ್ತಲೇ ಇರುತ್ತವೆ. ಕೆಟ್ಟ ಪೀಸುಗಳ ಲೆಕ್ಕ ನೋಡುವ ಬೆಳಗಿನ ರಿಜೆಕ್ಷನ್ ಮೀಟಿಂಗಿಗೆ ಮುಂಚೆ ಮೊಬೈಲಿನಲ್ಲೇ ಅವನ್ನು ನೋಡುವುದು. ವಿಷಯದ ಸಾಲು ಮತ್ತು ಮೊದಲ ಒಂದೆರಡು ವಾಕ್ಯದಲ್ಲಿ ಏನೂ ಸಿಗದಿದ್ದರೆ ಕೆಳಗೆ ಹೋಗುವಷ್ಟು ಹೊತ್ತು ನನಗಿರುವುದಿಲ್ಲ.

ಹೋದ ತಿಂಗಳು ಮಂಡ್ಯದ ಸ್ನೇಹಿತರೊಬ್ಬರ ಮಗಳು ತಾನು ಬರೆದ ಮೇಲನ್ನು ತಿದ್ದಿಕೊಡಿ ಎಂದು ಬಂದಳು. ಮೆಕ್ಯಾನಿಕಲ್ ಡಿಪ್ಲೊಮಾ ಆಗಿ, ಚಿಕ್ಕದೊಂದು ಮೆಷಿನ್ ಶಾಪಿನಲ್ಲಿ ಎರಡು ವರ್ಷ ಇನ್‌ಸ್ಪೆಕ್ಷನ್ ಮಾಡಿದ್ದಾಳೆ. ಇನ್ನೊಂದು ಕಾರ್ಖಾನೆಯ ಮ್ಯಾನೇಜರಿಗೆ ಒಂದು ಪುಟ ತುಂಬ ಬರೆದಿದ್ದಳು. ಶ್ರಮಜೀವಿ, ಬೇಗ ಕಲಿಯುವವಳು, ತಂಡದಲ್ಲಿ ಹೊಂದಿಕೊಳ್ಳುವವಳು, ಯಾವ ಕೆಲಸ ಕೊಟ್ಟರೂ ಸಿದ್ಧ. ಕೆಳಗಡೆ ಎಲ್ಲೋ ಒಂದು ಕಡೆ, "ರಿಜೆಕ್ಷನ್ ಗಣನೀಯವಾಗಿ ಕಡಿಮೆ ಮಾಡಿದ್ದೇನೆ."

"ಇದೊಂದು ಬಿಟ್ಟು ಮಿಕ್ಕಿದ್ದೆಲ್ಲ ಅಳಿಸಮ್ಮ" ಅಂದೆ. "ಎಷ್ಟಿತ್ತು, ಎಷ್ಟಕ್ಕೆ ಇಳೀತು?"

ಒಂದು ಬುಷ್‌ನಲ್ಲಿ ನೂರಕ್ಕೆ ನಾಲ್ಕು ಪೀಸು ರಿಜೆಕ್ಟ್ ಆಗುತ್ತಿತ್ತಂತೆ. ಬುಷ್ ಅಂದರೆ ಕೊಳವೆಯಂಥ ಬಿಡಿಭಾಗ, ಅದರ ಒಳಗಿನ ತೂತು, ಅಂದರೆ ಬೋರ್, ಚಿಕ್ಕದಾಗುತ್ತಿತ್ತು. ಆ ತೂತನ್ನು ಕೊರೆಯುವ ಬೋರಿಂಗ್ ಇನ್ಸರ್ಟ್ ಸವೆದಂತೆ ಬೋರ್ ಚಿಕ್ಕದಾಗುತ್ತ ಹೋಗುತ್ತದೆ. ಆದರೆ ಅಲ್ಲಿ ಪ್ಲಗ್ ಗೇಜ್ ಹಾಕಿ ನೋಡುತ್ತಿದ್ದರು. ಪ್ಲಗ್ ಗೇಜ್ ಪೀಸು ಸರಿಯಿದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ, ಅಳತೆ ಯಾವ ಕಡೆ ಜರುಗುತ್ತಿದೆ ಎಂದು ತೋರಿಸುವುದಿಲ್ಲ. ಈಕೆ ಡಯಲ್ ಬೋರ್ ಗೇಜ್ ತರಿಸಿ, 50 ಪೀಸಿಗೊಮ್ಮೆ ಇದ್ದ ತಪಾಸಣೆಯನ್ನು 20ಕ್ಕೊಮ್ಮೆ ಮಾಡಿ, ಅಳತೆ ಜರುಗುವುದು ಕಂಡ ಕೂಡಲೇ ಆಪರೇಟರಿಗೆ ಹೇಳಿ ಮೆಷಿನ್ನಿನಲ್ಲಿ ಅಳತೆ ಸರಿಪಡಿಸುವ ಆಫ್‌ಸೆಟ್ ಕೊಡಿಸಿದ್ದಾಳೆ. ಮೂರು ತಿಂಗಳಲ್ಲಿ ನೂರಕ್ಕೆ ಒಂದಕ್ಕೆ ಬಂದಿದೆ. ಇಷ್ಟು ಚೆನ್ನಾದ ಕೆಲಸ "ಗಣನೀಯವಾಗಿ" ಎಂಬ ಒಂದು ಪದದಡಿ ಹೂತುಹೋಗಿತ್ತು. ನನಗೆ ನಿಜಕ್ಕೂ ಸಂಕಟವಾಯಿತು.

ಆ ಮ್ಯಾನೇಜರಿಗೇ ಯಾಕೆ ಬರೆಯುತ್ತಿದ್ದಾಳೆ ಎಂಬುದೂ ಮೇಲಿನಲ್ಲಿ ಇರಲಿಲ್ಲ. ಕೇಳಿದಾಗ, ಆ ಕಾರ್ಖಾನೆಯವರು ಎರಡನೇ ಶಿಫ್ಟಿಗೆ ಸಿಎನ್‌ಸಿ ಆಪರೇಟರುಗಳು ಬೇಕೆಂದು ಜಾಹೀರಾತು ಹಾಕಿದ್ದನ್ನು ನೋಡಿದೆ ಅಂದಳು. ಇನ್ನೇನು ಬೇಕು? ಶಿಫ್ಟು ಹೆಚ್ಚಾದರೆ ಪೀಸು ಅಳೆಯುವವರೂ ಬೇಕಾಗುತ್ತಾರೆ. ಅದೇ ಮೊದಲ ವಾಕ್ಯ ಆಯಿತು. ಅವಳು ಕಳಿಸಿದ್ದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಹೇಳುವುದಾದರೆ ಹೀಗೆ:

ವಿಷಯ: ಲೈನ್ ಇನ್‌ಸ್ಪೆಕ್ಟರ್, ಸಿಎನ್‌ಸಿ ಟರ್ನಿಂಗ್, 2 ವರ್ಷ

"ನಮಸ್ಕಾರ ಸರ್. ಎರಡನೇ ಶಿಫ್ಟಿಗೆ ಆಪರೇಟರುಗಳು ಬೇಕೆಂಬ ನಿಮ್ಮ ಜಾಹೀರಾತು ನೋಡಿದೆ, ಆ ಶಿಫ್ಟಿಗೆ ಇನ್‌ಸ್ಪೆಕ್ಟರ್ ಬೇಕಾಗಬಹುದೆಂದು ಬರೆಯುತ್ತಿದ್ದೇನೆ. ಎರಡು ವರ್ಷದಿಂದ ಟರ್ನಿಂಗ್ ಬಿಡಿಭಾಗಗಳ ತಪಾಸಣೆ ಮಾಡುತ್ತಿದ್ದೇನೆ. ಒಂದು ಬುಷ್‌ನಲ್ಲಿ ಬೋರ್ ಚಿಕ್ಕದಾಗಿ ನೂರಕ್ಕೆ 4 ರಿಜೆಕ್ಟ್ ಆಗುತ್ತಿತ್ತು. 20 ಪೀಸಿಗೊಮ್ಮೆ ಅಳೆದು, ಇನ್ಸರ್ಟ್ ಸವೆತ ಕಂಡಾಗ ಆಪರೇಟರಿಂದ ಆಫ್‌ಸೆಟ್ ಕೊಡಿಸಿದೆ, ಮೂರು ತಿಂಗಳಲ್ಲಿ ಅದು 1ಕ್ಕೆ ಇಳಿಯಿತು. ಈ ವಾರ ಸಂಜೆ 5ರ ಮೇಲೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಬಹುದೇ? ರೆಸ್ಯೂಮೆ ಲಗತ್ತಿಸಿದ್ದೇನೆ."

"ಆಪರೇಟರಿಂದ ಕೊಡಿಸಿದೆ" ಎಂದು ಬೇಕೆಂದೇ ಬರೆಸಿದೆ. ಅವಳು ಮೊದಲು "ನಾನೇ ತಿದ್ದಿದೆ" ಎಂದು ಬರೆದಿದ್ದಳು. ಇನ್‌ಸ್ಪೆಕ್ಟರ್ ಮೆಷಿನ್ ಮುಟ್ಟುವುದಿಲ್ಲ ಎಂದು ಓದುವವನಿಗೆ ಗೊತ್ತಿರುತ್ತದೆ. ಅಲ್ಲೇ ಅನುಮಾನ ಬಂದರೆ ಮುಂದಿನ ಅಂಕಿಯನ್ನೂ ನಂಬುವುದಿಲ್ಲ. ಬುಷ್ ಯಾವ ಕಂಪನಿಗೆ ಹೋಗುತ್ತಿತ್ತು ಎಂಬುದನ್ನೂ ತೆಗೆಸಿದೆ. ಈಗಿನ ಯಜಮಾನರ ಗ್ರಾಹಕರ ಹೆಸರು, ಡ್ರಾಯಿಂಗ್ ಹೊರಗೆ ಹಾಕುವವರನ್ನು ನಾನಂತೂ ಒಳಗೆ ಸೇರಿಸುವುದಿಲ್ಲ, ನಾಳೆ ನಮ್ಮದನ್ನೂ ಹಾಗೇ ಹಾಕುತ್ತಾರೆ.

ಇದೇ ಮೇಲನ್ನು ಇಪ್ಪತ್ತು ಕಾರ್ಖಾನೆಗೆ ಕಳಿಸಲೇ ಎಂದು ಕೇಳಿದಳು. ಬುಷ್‌ನ ವಾಕ್ಯ ಹಾಗೇ ಇರಲಿ, ಆದರೆ ಜಾಹೀರಾತಿನ ವಾಕ್ಯ ಪ್ರತಿಯೊಬ್ಬರಿಗೂ ಬೇರೆಯೇ ಆಗಬೇಕು ಅಂದೆ. ಅದನ್ನು ಹುಡುಕಲು ಅರ್ಧ ಗಂಟೆ ಬೇಕು, ಹಾಗಾಗಿ ದಿನಕ್ಕೆ ಎರಡು ಮೂರಕ್ಕಿಂತ ಹೆಚ್ಚು ಆಗುವುದಿಲ್ಲ.

ಒಂದು ವಾರ ಉತ್ತರ ಬರಲಿಲ್ಲ. ಅದೇ ಮೇಲಿಗೆ ಎರಡು ಸಾಲು ಸೇರಿಸಿ ಮತ್ತೊಮ್ಮೆ ಕಳಿಸಲು ಹೇಳಿದೆ, ಮೂರನೇ ಸಲ ಬೇಡ ಎಂದೂ ಹೇಳಿದ್ದೆ. ಮಾರನೆಯ ದಿನ ಉತ್ತರ ಬಂತು. ಈ ತಿಂಗಳು ಜಾಗ ಖಾಲಿ ಇಲ್ಲ, ಶಿಫ್ಟು ಶುರುವಾಗುವುದು ಮುಂದಿನ ತಿಂಗಳು. ಅದರ ಕೆಳಗೆ ಒಂದು ಪ್ರಶ್ನೆ: "20 ಪೀಸಿಗೊಮ್ಮೆ ಯಾವ ಗೇಜಿನಲ್ಲಿ ಅಳೆದಿರಿ? ಗುರುವಾರ ಸಂಜೆ ಫೋನ್ ಮಾಡಿ."