ಬಡ್ಡಿ ಸೊನ್ನೆಗೆ ಇಳಿದರೂ ಸಾಲ ಕೇಳುವವರು ಯಾಕಿಲ್ಲ?

ಸಾಗರದ ಓದುಗರೊಬ್ಬರ ಪ್ರಶ್ನೆ: "ವ್ಯಾಪಾರ ಬಿದ್ದಾಗ ಬಡ್ಡಿ ಇಳಿಸ್ತಾರೆ. ಜಪಾನಿನಲ್ಲಿ ಸೊನ್ನೆಗೇ ಇಳಿಸಿದ್ದರಂತೆ. ಪುಕ್ಕಟೆ ಸಾಲ ಸಿಕ್ಕರೂ ಜನ ಖರ್ಚು ಮಾಡಲಿಲ್ಲ ಅಂತಾರೆ. ಇದು ನಂಬೋ ಮಾತಾ? ನಮ್ಮೂರಲ್ಲಿ ಸೊನ್ನೆ ಬಡ್ಡಿ ಅಂದರೆ ಸೊಸೈಟಿ ಮುಂದೆ ಕ್ಯೂ ನಿಲ್ಲುತ್ತೆ."

ಕ್ಯೂ ನಿಲ್ಲುತ್ತೆ, ನಿಜ. ಹೆಚ್ಚು ಬಡ್ಡಿಯ ಊರಲ್ಲಿ ಒಂದು ಕಡೆ ಮಾತ್ರ ಸೊನ್ನೆ ಬಡ್ಡಿ ಸಿಕ್ಕರೆ ಯಾರು ಬಿಡ್ತಾರೆ? ಅದೇ ಹಣವನ್ನು ಪಕ್ಕದ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರೂ ಲಾಭ. ಆದರೆ ಇಡೀ ದೇಶದ ಬಡ್ಡಿಯೇ ಸೊನ್ನೆಗೆ ಬಂದು, ಜೊತೆಗೆ ಸಾಮಾನಿನ ಬೆಲೆಗಳೂ ಇಳಿಯುತ್ತಿದ್ದರೆ ಲೆಕ್ಕ ಬೇರೆಯಾಗುತ್ತದೆ. ಆ ಲೆಕ್ಕವನ್ನು ಮಲೆನಾಡಿನವರಿಗೆ ಹೇಳುವುದು ಸುಲಭ. ಅಡಿಕೆಯಲ್ಲೇ ಹೇಳಬಹುದು.

ಒಬ್ಬ ಬೆಳೆಗಾರ ಅಡಿಕೆ ಒಣಗಿಸುವ ಮನೆ ಕಟ್ಟಿಸಲು 10 ಲಕ್ಷ ಸಾಲ ಮಾಡುತ್ತಾನೆ ಅಂದುಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ ಧಾರಣೆ ಕ್ವಿಂಟಾಲಿಗೆ 40,000 ರೂಪಾಯಿ ಇಟ್ಟುಕೊಳ್ಳೋಣ. ಅಂದರೆ ಅವನು ಇವತ್ತು ತೆಗೆದುಕೊಂಡಿದ್ದು 25 ಕ್ವಿಂಟಾಲ್ ಅಡಿಕೆಯ ಬೆಲೆ. ಐದು ವರ್ಷ ಬಿಟ್ಟು ಅಸಲು ಬಡ್ಡಿ ಎರಡನ್ನೂ ಒಟ್ಟಿಗೆ ತೀರಿಸುತ್ತಾನೆ.

ಮೊದಲು ನಮಗೆ ಗೊತ್ತಿರುವ ಕಾಲ. ಬಡ್ಡಿ 8%, ಬೆಲೆಗಳೆಲ್ಲ ವರ್ಷಕ್ಕೆ 6% ಏರುತ್ತಿವೆ. ಐದು ವರ್ಷಕ್ಕೆ ಸಾಲ ಬೆಳೆದು ಸುಮಾರು 14.69 ಲಕ್ಷ ಆಗುತ್ತದೆ. ಎದೆ ಧಸಕ್ಕೆನ್ನುತ್ತದೆ. ಆದರೆ ಧಾರಣೆಯೂ 53,500ರ ಹತ್ತಿರ ಬಂದಿರುತ್ತದೆ. ಸಾಲ ತೀರಿಸಲು ಅವನು ಮಂಡಿಗೆ ಹಾಕಬೇಕಾದದ್ದು ಇಪ್ಪತ್ತೇಳೂವರೆ ಕ್ವಿಂಟಾಲಿಗೆ ಒಂಚೂರು ಕಡಿಮೆ.

ಇನ್ನೊಂದು ಕಾಲ. ಬಡ್ಡಿ ಪೂರಾ ಸೊನ್ನೆ. ಆದರೆ ಬೆಲೆಗಳು ವರ್ಷಕ್ಕೆ 3% ಇಳಿಯುತ್ತಿವೆ. ಸಾಲ 10 ಲಕ್ಷದಲ್ಲೇ ನಿಂತಿದೆ, ಒಂದು ರೂಪಾಯಿಯೂ ಬೆಳೆದಿಲ್ಲ. ಆದರೆ ಐದು ವರ್ಷದ ಹೊತ್ತಿಗೆ ಧಾರಣೆ ಸುಮಾರು 34,350ಕ್ಕೆ ಬಂದಿದೆ. ಈಗ ಬೇಕಾದದ್ದು 29 ಕ್ವಿಂಟಾಲಿಗಿಂತ ಜಾಸ್ತಿ.

8% ಬಡ್ಡಿಯ ಸಾಲಕ್ಕಿಂತ ಸೊನ್ನೆ ಬಡ್ಡಿಯ ಸಾಲವೇ ಭಾರ! ನಾನೂ ಮೊದಲ ಸಲ ಈ ಲೆಕ್ಕ ಮಾಡಿದಾಗ ತಪ್ಪಾಯಿತೇನೋ ಅಂತ ಇನ್ನೊಮ್ಮೆ ಕೂಡಿಸಿದ್ದೆ. ಕಾಗದದ ಮೇಲಿನ ಬಡ್ಡಿಯಿಂದ ಬೆಲೆಯೇರಿಕೆಯನ್ನು ಕಳೆದರೆ ಉಳಿಯುವುದು ನಿಜವಾದ ಬಡ್ಡಿ. ಮೊದಲ ಕಾಲದಲ್ಲಿ ಅದು 2%. ಎರಡನೆಯದರಲ್ಲಿ ಬೆಲೆ ಇಳಿಯುತ್ತಿರುವುದರಿಂದ ಆ ಇಳಿಕೆಯನ್ನು ಕಳೆಯುವ ಬದಲು ಕೂಡಿಸಬೇಕು, ಹಾಗಾಗಿ 3%. ಸಾಲ ಮಾಡಬೇಕೋ ಬೇಡವೋ ಅಂತ ಯೋಚಿಸುವವನಿಗೆ ತಟ್ಟುವುದು ಈ ಬಡ್ಡಿ.

ಒಂದು ಎಚ್ಚರ ಹೇಳಿಬಿಡುತ್ತೇನೆ. ಬರೀ ಅಡಿಕೆ ಧಾರಣೆ ಬಿದ್ದರೆ ಅದು ಬೆಳೆಗಾರರ ಕಷ್ಟ ಮಾತ್ರ, ಇಲ್ಲಿ ಹೇಳುತ್ತಿರುವ ಕಾಯಿಲೆ ಅಲ್ಲ. ಕೊನೆ ಕೊಯ್ಯುವವರ ಕೂಲಿ, ಅಂಗಡಿ ಬಾಡಿಗೆ, ಬಟ್ಟೆ, ಸಿಮೆಂಟು ಎಲ್ಲವೂ ಒಟ್ಟಿಗೆ ಇಳಿಯುತ್ತಾ ಹೋಗಬೇಕು. ಇದಕ್ಕೆ ಡಿಫ್ಲೇಷನ್ ಅನ್ನುತ್ತಾರೆ.

ಹಾಗಾದರೆ ಬಡ್ಡಿಯನ್ನು ಸೊನ್ನೆಗಿಂತ ಕೆಳಗೆ, ಮೈನಸ್ 5ಕ್ಕೆ ಇಳಿಸಿದರೆ ಆಯಿತಲ್ವಾ? ಆಗುವುದಿಲ್ಲ. ಅಡ್ಡ ನಿಲ್ಲುವುದು ನಿಮ್ಮ ಮನೆಯ ಬೀರು. ಬ್ಯಾಂಕಿನಲ್ಲಿಟ್ಟ ನೂರು ರೂಪಾಯಿ ವರ್ಷಕ್ಕೆ 95 ಆಗುತ್ತದೆ ಅಂದರೆ ಯಾರು ಇಡುತ್ತಾರೆ? ನೋಟು ತಂದು ಬೀರುವಿನಲ್ಲಿ ಇಟ್ಟುಕೊಳ್ಳುತ್ತಾರೆ. ಅಲ್ಲಿ ನೂರು ನೂರಾಗಿಯೇ ಇರುತ್ತದೆ. ದೊಡ್ಡ ಮೊತ್ತ ಕಾಯುವುದಕ್ಕೆ ತಿಜೋರಿ, ಕಾವಲು, ವಿಮೆ ಅಂತ ಖರ್ಚಿರುವುದರಿಂದ ಸೊನ್ನೆಗಿಂತ ಸ್ವಲ್ಪ ಕೆಳಗೆ ಹೋಗಲು ಜಾಗ ಇದೆ. ಜಪಾನ್ 2016ರಲ್ಲಿ ಮೈನಸ್ 0.1ಕ್ಕೆ ಹೋಯಿತು. ಸ್ವಿಟ್ಜರ್ಲೆಂಡ್ ಮೈನಸ್ 0.75ರವರೆಗೆ ಹೋಗಿತ್ತು. ಅದಕ್ಕಿಂತ ತುಂಬಾ ಕೆಳಗೆ ಹೋಗಲು ಯಾರಿಗೂ ಧೈರ್ಯ ಬರಲಿಲ್ಲ.

ಮಲೆನಾಡಿನಲ್ಲಿ ಧಾರಣೆ ಏರುತ್ತೆ ಅನ್ನಿಸಿದರೆ ಅಡಿಕೆ ಮಾರದೆ ಇಟ್ಟುಕೊಳ್ಳುತ್ತೇವೆ. ಎಲ್ಲ ಬೆಲೆಗಳೂ ಇಳಿಯುವ ಕಾಲದಲ್ಲಿ ನೋಟೇ ಆ ಅಡಿಕೆ. ಇವತ್ತು ಸಾವಿರ ರೂಪಾಯಿಗೆ ಬರುವುದಕ್ಕಿಂತ ಮುಂದಿನ ವರ್ಷ ಜಾಸ್ತಿ ಸಾಮಾನು ಬರುತ್ತದೆ. ಅಂದರೆ ಹಣದ 'ಧಾರಣೆ' ಏರುತ್ತಿದೆ. ಏರುವ ಸರಕನ್ನು ಯಾರಾದರೂ ಅವಸರದಲ್ಲಿ ಕೈಬಿಡುತ್ತಾರಾ? ಹೊಸ ಟ್ರ್ಯಾಕ್ಟರ್ ಮುಂದಿನ ವರ್ಷ ನೋಡೋಣ, ಮನೆ ರಿಪೇರಿ ಆಮೇಲೆ ಅನ್ನುತ್ತಾರೆ. ಬಡ್ಡಿ ಸೊನ್ನೆಗೆ ಮುಟ್ಟಿದೆ, ಜನ ಹಣವನ್ನು ಅವುಚಿಕೊಂಡಿದ್ದಾರೆ, ಕೇಂದ್ರ ಬ್ಯಾಂಕಿಗೆ ಇನ್ನು ಇಳಿಸಲು ಜಾಗವಿಲ್ಲ. ಈ ಸ್ಥಿತಿಗೇ ಲಿಕ್ವಿಡಿಟಿ ಟ್ರ್ಯಾಪ್ ಎಂಬ ಹೆಸರು. ಕನ್ನಡದಲ್ಲಿ ನಗದಿನ ಬೋನು ಅನ್ನಬಹುದೇನೋ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲೇ ಇಂಥದ್ದೊಂದು ಆಗಬಹುದು ಅಂದಿದ್ದರು. ಆದರೆ ಅದುವರೆಗೆ ಅದು ಪೂರ್ತಿಯಾಗಿ ಆದದ್ದು ತಮಗೆ ಗೊತ್ತಿಲ್ಲ ಅಂತಲೂ ಸೇರಿಸಿದ್ದರು.

ಈಗ ಜಪಾನಿಗೆ ಬರೋಣ. 1980ರ ದಶಕದ ಕೊನೆಗೆ ಅಲ್ಲಿ ಭೂಮಿ, ಷೇರು ಎರಡರ ಬೆಲೆಯೂ ಹುಚ್ಚಾಪಟ್ಟೆ ಏರಿತ್ತು. ಕಂಪನಿಗಳು ಅದೇ ಭೂಮಿಯನ್ನು ಅಡ ಇಟ್ಟು ಸಾಲ ಎತ್ತಿದ್ದವು. 1989ರ ಡಿಸೆಂಬರ್ ಕೊನೆಗೆ ಷೇರುಪೇಟೆ ತುದಿ ಮುಟ್ಟಿತು. ಮರುವರ್ಷದಿಂದ ಕುಸಿತ. ಭೂಮಿ ಬೆಲೆ ಸ್ವಲ್ಪ ತಡವಾಗಿ ಬಿತ್ತು, ಬಿದ್ದದ್ದು ವರ್ಷಗಟ್ಟಲೆ ಏಳಲಿಲ್ಲ. ಅಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಜಪಾನಿನ ಬಡ್ಡಿ 1990ರಲ್ಲಿ 6% ಇತ್ತು, ಅದನ್ನು 1995ರ ಹೊತ್ತಿಗೆ 0.5%ಕ್ಕೆ ತಂದರು. 1999ರಲ್ಲಿ ಬ್ಯಾಂಕುಗಳ ನಡುವಿನ ಒಂದು ರಾತ್ರಿಯ ಸಾಲದ ಬಡ್ಡಿ ಹೆಚ್ಚುಕಮ್ಮಿ ಸೊನ್ನೆ.

ಯಾಕೆ ಯಾರೂ ಸಾಲಕ್ಕೆ ಬರಲಿಲ್ಲ? ಬೆಲೆ ಇಳಿಕೆ ಒಂದು ಕಾರಣ. ಇನ್ನೊಂದು ಕಾರಣವನ್ನು ರಿಚರ್ಡ್ ಕೂ ಎಂಬ ಅರ್ಥಶಾಸ್ತ್ರಜ್ಞ ಒತ್ತಿ ಹೇಳಿದರು. ನನಗೆ ಅದೇ ಹೆಚ್ಚು ಸರಿ ಅನ್ನಿಸುತ್ತದೆ. ಮತ್ತೆ ನಮ್ಮ ಕಡೆಯ ಉದಾಹರಣೆ ತೆಗೆದುಕೊಳ್ಳಿ. ಒಬ್ಬರು 50 ಲಕ್ಷ ಸಾಲ ಮಾಡಿ 70 ಲಕ್ಷಕ್ಕೆ ತೋಟ ಕೊಂಡಿದ್ದಾರೆ. ಈಗ ಆ ತೋಟವನ್ನು 20 ಲಕ್ಷಕ್ಕೂ ಕೇಳುವವರಿಲ್ಲ. ಫಸಲು ಬರುತ್ತಿದೆ, ಕಂತು ತಪ್ಪಿಲ್ಲ, ಊರವರ ಕಣ್ಣಿಗೆ ಅವರು ಗಟ್ಟಿ ಕುಳವೇ. ಆದರೆ ಇದ್ದದ್ದೆಲ್ಲ ಮಾರಿದರೂ ಸಾಲ ಹರಿಯುವುದಿಲ್ಲ ಅನ್ನುವುದು ಅವರಿಗೆ ಗೊತ್ತು. ಇಂಥವರಿಗೆ ಫೋನ್ ಮಾಡಿ "ಸೊನ್ನೆ ಬಡ್ಡಿಗೆ ಇನ್ನೂ ಹತ್ತು ಲಕ್ಷ ಕೊಡ್ತೀವಿ" ಅಂದರೆ? ಅವರು ಕೈಗೆ ಬಂದದ್ದನ್ನೆಲ್ಲ ಹಳೆ ಸಾಲಕ್ಕೆ ಕಟ್ಟುತ್ತಾರೆ, ಹೊಸದನ್ನು ಮುಟ್ಟುವುದಿಲ್ಲ. ಅದು ಬುದ್ಧಿವಂತಿಕೆಯೇ. ಜಪಾನಿನ ಕಂಪನಿಗಳು ವರ್ಷಾನುಗಟ್ಟಲೆ ಮಾಡಿದ್ದು ಇದನ್ನೇ.

ಎಡವಟ್ಟಾಗುವುದು ಎಲ್ಲರೂ ಒಟ್ಟಿಗೆ ಬುದ್ಧಿವಂತರಾದಾಗ. ತೋಟದವರು ಈ ವರ್ಷ ಹೊಸ ಕಪಾಟು ಬೇಡ ಅಂದರೆ ಬಡಗಿಗೆ ಕೆಲಸವಿಲ್ಲ. ಬಡಗಿ ಶಿವಮೊಗ್ಗದ ಗಾಂಧಿ ಬಜಾರಿಗೆ ಬಟ್ಟೆ ಕೊಳ್ಳಲು ಬರುವುದಿಲ್ಲ. ಬಟ್ಟೆ ಅಂಗಡಿಯವರು ಬೆಲೆ ಇಳಿಸುತ್ತಾರೆ, ಒಬ್ಬ ಹುಡುಗನನ್ನು ಕೆಲಸದಿಂದ ಬಿಡಿಸುತ್ತಾರೆ. ಬೆಲೆ ಇನ್ನೂ ಇಳಿಯಿತು, ಅಂದರೆ ಮೊದಲು ನೋಡಿದ ನಿಜವಾದ ಬಡ್ಡಿ ಇನ್ನೂ ಏರಿತು. ಯಾರೂ ಬಡ್ಡಿ ಏರಿಸದೆಯೇ!

ಬಡ್ಡಿ ಇಳಿಸಲು ಆಗದಿದ್ದರೆ ಹಣವನ್ನೇ ಸುರಿಯೋಣ ಅಂತ 2001ರ ಮಾರ್ಚಿನಲ್ಲಿ ಬ್ಯಾಂಕ್ ಆಫ್ ಜಪಾನ್ ಇನ್ನೊಂದು ದಾರಿ ಹಿಡಿಯಿತು. ಬ್ಯಾಂಕುಗಳ ಕೈಯಲ್ಲಿದ್ದ ಸರ್ಕಾರಿ ಬಾಂಡುಗಳನ್ನು ಕೊಂಡು, ಬದಲಿಗೆ ತನ್ನಲ್ಲಿರುವ ಅವುಗಳ ಖಾತೆಗೆ ಹಣ ತುಂಬಿತು. ಮೊದಲ ಗುರಿ 5 ಲಕ್ಷ ಕೋಟಿ ಯೆನ್. 2004ರ ಹೊತ್ತಿಗೆ 30ರಿಂದ 35 ಲಕ್ಷ ಕೋಟಿ. ಬ್ಯಾಂಕುಗಳ ಖಾತೆ ತುಂಬಿ ತುಳುಕಿತು. ಆದರೆ ಅವು ಕೊಟ್ಟ ಸಾಲದ ಮೊತ್ತ ಆ ವರ್ಷಗಳಲ್ಲಿ ಇಳಿಯುತ್ತಲೇ ಇತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬಾಂಡಿಗೂ ಬಡ್ಡಿ ಹೆಚ್ಚುಕಮ್ಮಿ ಇಲ್ಲ, ಖಾತೆಯ ಹಣಕ್ಕೂ ಇಲ್ಲ. ಎರಡೂ ಒಂದೇ ಆದಮೇಲೆ ಇದನ್ನು ಕೊಟ್ಟು ಅದನ್ನು ತೆಗೆದುಕೊಂಡರೆ ಬ್ಯಾಂಕಿನವರ ನಡವಳಿಕೆ ಯಾಕೆ ಬದಲಾಗಬೇಕು? ಬಲಗೈಲಿದ್ದದ್ದು ಎಡಗೈಗೆ ಬಂತು, ಅಷ್ಟೆ. ಅದರಿಂದ ಏನೂ ಉಪಯೋಗವಾಗಲಿಲ್ಲ ಅಂತ ನಾನು ಹೇಳುತ್ತಿಲ್ಲ. ಹಣವಿಲ್ಲದೆ ಬ್ಯಾಂಕುಗಳು ಉಸಿರುಗಟ್ಟುವುದು ತಪ್ಪಿತು. ಖರ್ಚು ಮಾತ್ರ ಅದರಿಂದ ಚಿಗುರಲಿಲ್ಲ.

ಬೋನಿನಿಂದ ಹೊರಬರುವ ದಾರಿಯ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ಯಾರೂ ಸಾಲ ಮಾಡದಿದ್ದಾಗ ಸರ್ಕಾರವೇ ಸಾಲ ಮಾಡಿ ಖರ್ಚು ಮಾಡಬೇಕು ಎನ್ನುವುದು ಕೂ ಅವರ ವಾದ. ಪಾಲ್ ಕ್ರುಗ್‌ಮನ್ 1998ರಲ್ಲಿ ಹೇಳಿದ್ದು ಕೇಳಲು ವಿಚಿತ್ರ. ಮುಂದೆ ಬೆಲೆ ಏರುತ್ತದೆ, ಏರಿದರೂ ನಾವು ತಡೆಯುವುದಿಲ್ಲ ಅಂತ ಕೇಂದ್ರ ಬ್ಯಾಂಕು ಜನರನ್ನು ನಂಬಿಸಬೇಕು ಅಂದರು. ಹಾಗೆ ನಂಬಿದರೆ ನೋಟಿನ ಧಾರಣೆ ಬೀಳುತ್ತದೆ ಅಂತ ಜನ ಅದನ್ನು ಕೈಬಿಡುತ್ತಾರೆ. ಆದರೆ ಬೆಲೆ ಏರದಂತೆ ಕಾಯುವುದೇ ಕೆಲಸ ಅಂತ ಕೂತವರು ಹೀಗೆ ಹೇಳಿದರೆ ಯಾರು ನಂಬುತ್ತಾರೆ? ಬೆಲೆಗಳು ಇನ್ನೂ ಇಳಿಯುತ್ತಿದ್ದಾಗಲೇ, 2000ದ ಆಗಸ್ಟಿನಲ್ಲಿ ಬ್ಯಾಂಕ್ ಆಫ್ ಜಪಾನ್ ಬಡ್ಡಿಯನ್ನು 0.25%ಕ್ಕೆ ಏರಿಸಿತ್ತು. ಏಳೆಂಟು ತಿಂಗಳಲ್ಲೇ ವಾಪಸ್ ಇಳಿಸಬೇಕಾಯಿತು. ಇವರು ಅವಕಾಶ ಸಿಕ್ಕ ಕೂಡಲೇ ಬ್ರೇಕ್ ಹಾಕುವವರು ಅಂತ ಜನ ಅಂದುಕೊಂಡರೆ ತಪ್ಪೇನು? ಮೈನಸ್ ಬಡ್ಡಿಯಿಂದ ಜಪಾನ್ ಹೊರಬಂದದ್ದು 2024ರ ಮಾರ್ಚಿನಲ್ಲಿ.

ಪತ್ರದ ಕೊನೆಗೆ ನೀವು ಇನ್ನೊಂದು ಕೇಳಿದ್ದಿರಿ: ಕೊರೊನಾ ಕಾಲದಲ್ಲಿ ಇಲ್ಲೂ ಬಡ್ಡಿ ಇಳಿಸಿದರೂ ಸಾಲ ಏಳಲಿಲ್ಲ, ಅದೂ ಇದೇನಾ? ಅಲ್ಲ. ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಅಂದರೆ ರೆಪೊ ದರ, 2020ರ ಮೇ ತಿಂಗಳಲ್ಲಿ 4%ಕ್ಕೆ ಬಂದಿತ್ತು. ಬ್ಯಾಂಕುಗಳು ಲಕ್ಷಗಟ್ಟಲೆ ಕೋಟಿ ರೂಪಾಯಿಯನ್ನು ಸಾಲ ಕೊಡದೆ ರಿಸರ್ವ್ ಬ್ಯಾಂಕಿನಲ್ಲೇ ಇಟ್ಟಿದ್ದವು. ಮೇಲ್ನೋಟಕ್ಕೆ ಜಪಾನಿನ ಹಾಗೇ ಕಾಣುತ್ತದೆ. ಆದರೆ ಆ ವರ್ಷ ನಮ್ಮಲ್ಲಿ ಬೆಲೆಯೇರಿಕೆ ಸುಮಾರು 6% ಇತ್ತು. ರೆಪೊ ಲೆಕ್ಕದಲ್ಲಿ ನಿಜವಾದ ಬಡ್ಡಿ ಆಗಲೇ ಮೈನಸ್ 2ರ ಹತ್ತಿರ. ಸೊನ್ನೆಯವರೆಗೆ ಇಳಿಸಲು ಇನ್ನೂ ನಾಲ್ಕು ಅಂಶ ಜಾಗವೂ ಇತ್ತು. ಇಳಿಸದಿದ್ದದ್ದು ಬೆಲೆ ಇನ್ನೂ ಏರೀತೆಂಬ ಭಯಕ್ಕೆ. ಅಂಗಡಿ ಮುಚ್ಚಿತ್ತು, ಬಸ್ಸಿರಲಿಲ್ಲ, ಕೊಟ್ಟ ಸಾಲ ವಾಪಸ್ ಬರುತ್ತೋ ಇಲ್ಲವೋ ಅಂತ ಬ್ಯಾಂಕಿನವರಿಗೂ ದಿಗಿಲಿತ್ತು. ಊರು ತೆರೆದ ಮೇಲೆ ಸಾಲ ಮತ್ತೆ ಬೆಳೆಯಿತು. 2022ರ ಮೇ ತಿಂಗಳಿಂದ ರಿಸರ್ವ್ ಬ್ಯಾಂಕು ಬಡ್ಡಿ ಏರಿಸತೊಡಗಿದಾಗಲೂ ಆ ಬೆಳವಣಿಗೆ ನಿಲ್ಲಲಿಲ್ಲ.